12 ಲಕ್ಷದ ಹಳೇ ಸಾರ್ಟರ್, 25 ಲಕ್ಷದ ಹೊಸದು: ಯಾವುದನ್ನು ತಗೋಬೇಕು?

ಪ್ರಶ್ನೆ (ದಾಲ್ ಮಿಲ್ ಮಾಲೀಕರು, ಕಪನೂರು, ಕಲಬುರಗಿ):
ನಮ್ಮದು ಸಣ್ಣ ತೊಗರಿ ಬೇಳೆ ಮಿಲ್. ಕಲರ್ ಸಾರ್ಟರ್ ಹಾಕಬೇಕು. ಸೆಕೆಂಡ್ ಹ್ಯಾಂಡ್ 12 ಲಕ್ಷಕ್ಕೆ ಸಿಗ್ತಿದೆ, 3 ವರ್ಷ ನಡೀಬಹುದು, ವರ್ಷಕ್ಕೆ ಖರ್ಚು ಕಳೆದು 6 ಲಕ್ಷ ಕೈಗೆ ಬರತ್ತೆ. ಹೊಸದು 25 ಲಕ್ಷ, ನಮ್ಮ ಧೂಳು, ಕರೆಂಟು ನೋಡಿದ್ರೆ 6 ವರ್ಷ ಅಂತ ಹಿಡಿದಿದ್ದೇನೆ, ವರ್ಷಕ್ಕೆ 7 ಲಕ್ಷ. ಇದರಲ್ಲಿ ಬಡ್ಡಿ, ಸವಕಳಿ ಕಳೆದಿಲ್ಲ. ದುಡ್ಡಿಗೆ 12% ಹಿಡಿದೆ. ಎನ್‌ಪಿವಿ ನೋಡಿದ್ರೆ ಹೊಸದು, ಐಆರ್‌ಆರ್ ನೋಡಿದ್ರೆ ಹಳೇದು. ಯಾವುದನ್ನು ನಂಬಲಿ?

ಯಾದಗಿರಿಯಿಂದ ಒಬ್ಬರು (ಬಿ.ಕಾಂ. ಓದಿದವರು):
ಇದರಲ್ಲಿ ಯೋಚನೆ ಏನಿದೆ ಅಣ್ಣಾ? ಹಳೇದರ ಐಆರ್‌ಆರ್ 23% ಮೇಲೆ, ಹೊಸದರದು 17% ಆಸುಪಾಸು. ಎರಡೂ 12 ದಾಟಿವೆ ಅನ್ನೋದು ಸರಿ, ಆದರೆ ಜಾಸ್ತಿ ಇರೋದನ್ನೇ ತಗೊಳ್ಳಿ. ನನ್ನ ಎಕ್ಸೆಲ್‌ನಲ್ಲಿ ಹಳೇದರ ಎನ್‌ಪಿವಿ 2.15 ಲಕ್ಷ, ಹೊಸದರದು 3.37 ಲಕ್ಷ ಬಂತು.

ಕಾಸ್ಟ್ ಅಕೌಂಟೆಂಟ್, ಕಲಬುರಗಿ:
ಮೊದಲು ಎಕ್ಸೆಲ್ ಸರಿ ಮಾಡೋಣ. ಅದರ NPV ಫಂಕ್ಷನ್ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಅಂತ ತಿಳಿಯುತ್ತದೆ. ಮಷಿನ್ನಿನ ಬೆಲೆ ಇವತ್ತೇ ಕೊಡುವುದು, ಅದನ್ನು ಆವರಣದ ಒಳಗೆ ಹಾಕಿದರೆ ಎಲ್ಲವೂ ಒಂದು ವರ್ಷ ಮುಂದಕ್ಕೆ ತಳ್ಳಲ್ಪಡುತ್ತದೆ. ಬೆಲೆ B2ರಲ್ಲಿ ಮೈನಸ್ ಹಾಕಿ ಇರಲಿ, ಬರುವ ದುಡ್ಡು B3ರಿಂದ ಕೆಳಗೆ. ಹೊಸ ಮಷಿನ್ನಿಗೆ ಹೀಗೆ:

```
=NPV(12%,B3:B8)+B2
=IRR(B2:B8)
=PMT(12%,6,-(NPV(12%,B3:B8)+B2))
```

ಆಗ ಹಳೇದು 2.41 ಲಕ್ಷ, ಹೊಸದು 3.78 ಲಕ್ಷ ಬರುತ್ತದೆ. ಇಲ್ಲಿ ತಪ್ಪು ಹಾಳೆಯಲ್ಲೂ ಹೊಸದೇ ಮೇಲೆ ಕಂಡಿತು, ಹಾಗಾಗಿ ತಪ್ಪು ಕಣ್ಣಿಗೆ ಬೀಳಲಿಲ್ಲ.

ಇನ್ನು ಅಸಲು ವಿಷಯ. 3.78 ಎಂಬುದು ಆರು ವರ್ಷದ ಲಾಭ, 2.41 ಮೂರೇ ವರ್ಷದ್ದು. ಹಾಗೇ ಪಕ್ಕದಲ್ಲಿಟ್ಟು ನೋಡುವಂತಿಲ್ಲ. ಮೂರು ವರ್ಷ ಆದಮೇಲೆ ನೀವು ಮಿಲ್ಲಿಗೆ ಬೀಗ ಹಾಕುವುದಿಲ್ಲ ಅಲ್ವಾ? ಇನ್ನೊಂದು ಸಾರ್ಟರ್ ತರಲೇಬೇಕು. ಅಂಥದ್ದೇ ಹಳೇದನ್ನು ಅದೇ ಬೆಲೆಗೆ ಮತ್ತೆ ತಂದಿರಿ ಎನ್ನಿ. ಅದೂ 2.41 ಲಕ್ಷ ಕೊಡುತ್ತದೆ, ಆದರೆ ಮೂರು ವರ್ಷ ದೂರದಲ್ಲಿ. ಇವತ್ತಿನ ಲೆಕ್ಕಕ್ಕೆ ಅದು 1.72 ಲಕ್ಷ. ಎರಡೂ ಸೇರಿ 4.13 ಲಕ್ಷ. ಈಗ ಆರು ವರ್ಷಕ್ಕೆ ಆರು ವರ್ಷ ಹೋಲಿಸಿದಂತಾಯಿತು, ಹಳೇದೇ ಮುಂದೆ ನಿಂತಿತು. ಮೂರನೇ ಫಾರ್ಮುಲಾ ಇದನ್ನೇ ವರ್ಷಕ್ಕೆ ಹಂಚಿ ಹೇಳುತ್ತದೆ. ಹೊಸದು ವರ್ಷಕ್ಕೆ ಸುಮಾರು 92 ಸಾವಿರ. ಹಳೇದಕ್ಕೆ 6ರ ಬದಲು 3 ಹಾಕಿ, B5ರ ತನಕ ಇಟ್ಟರೆ ಸುಮಾರು 1 ಲಕ್ಷ.

ಯಾದಗಿರಿಯವರ ಉತ್ತರವೂ ಹಳೇದೇ, ಆದರೆ ಅವರ ದಾರಿ ಬೇರೆ. ಐಆರ್‌ಆರ್ 23% ಎಂದರೆ ಮಷಿನ್ನಿನಲ್ಲಿ ಇನ್ನೂ ಸಿಕ್ಕಿಕೊಂಡಿರುವ ದುಡ್ಡಿನ ಮೇಲೆ ಮಾತ್ರ. ಮೂರನೇ ವರ್ಷದ ನಂತರ ಏನಾಗುತ್ತದೆ ಎಂದು ಅದು ಹೇಳುವುದೇ ಇಲ್ಲ. 12 ಲಕ್ಷದ ಮೇಲಿನ 23 ದೊಡ್ಡದೋ, 25 ಲಕ್ಷದ ಮೇಲಿನ 17 ದೊಡ್ಡದೋ ಎಂಬುದೂ ಅದಕ್ಕೆ ಗೊತ್ತಿಲ್ಲ.

ಹುಮನಾಬಾದಿನಿಂದ ಒಬ್ಬರು (ಎಣ್ಣೆ ಗಾಣ ಇಟ್ಟವರು):
ಮೇಡಂ, ನನಗೂ ಇದೇ ಪರಿಸ್ಥಿತಿ. ಗಾಣ ಬಾಡಿಗೆ ಶೆಡ್‌ನಲ್ಲಿದೆ, ಕರಾರು ಇನ್ನು ಮೂರೇ ವರ್ಷ. ಆಮೇಲೆ ಮುಂದುವರಿಸೋ ಯೋಚನೆ ಇಲ್ಲ. ನಾನೂ ಹಳೇದನ್ನು ಎರಡು ಸಲ ತಂದಂತೆ ಲೆಕ್ಕ ಹಾಕ್ಬೇಕಾ? ಸಬ್ಸಿಡಿ ಏನಾದ್ರೂ ಇದೆಯಾ?

ಕಾಸ್ಟ್ ಅಕೌಂಟೆಂಟ್:
ಬೇಡ, ನಿಮ್ಮದು ಬೇರೆ ಪ್ರಶ್ನೆ. ಮತ್ತೆ ತರುವುದೇ ಇಲ್ಲ ಎಂದಾದರೆ ಎರಡು ಸಲ ಎಣಿಸುವುದು ತಪ್ಪು. ನೀವು ಹೊಸದನ್ನು ಮೂರನೇ ವರ್ಷ ಮಾರಬೇಕಾಗುತ್ತದೆ, ಆಗ ಎಷ್ಟಕ್ಕೆ ಹೋಗುತ್ತದೆ ಎಂಬುದೇ ಮುಖ್ಯ. ಈ ಸಾರ್ಟರಿನ ಅಂಕಿಗಳನ್ನೇ ಹಿಡಿದು, ಹಳೇದಕ್ಕೆ ಕೊನೆಗೆ ಏನೂ ಬರುವುದಿಲ್ಲ ಎಂದುಕೊಂಡರೆ, ಹೊಸದನ್ನು ಮೂರು ವರ್ಷ ಬಳಸಿ ಸುಮಾರು 14.9 ಲಕ್ಷಕ್ಕೆ ಮಾರಿದರೆ ಮಾತ್ರ ಎರಡೂ ಸಮ. ಕೊಳ್ಳುವವರು ಅಷ್ಟು ಕೊಡುತ್ತಾರಾ ಎಂದು ಕೇಳಿ ನೋಡಿ. ಸಬ್ಸಿಡಿಗೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಬೆರೆಸಿದರೆ ಗೊಂದಲ.

ಗಂಜ್‌ನಲ್ಲಿ ವ್ಯಾಪಾರ ಮಾಡುವವರು, ಕಲಬುರಗಿ:
ಸಾವ್ಕಾರ್ರೆ, ಕಾಗದದ ಮೇಲೆ ಸರಿ. ಆದ್ರೆ ಮೂರು ವರ್ಷ ಬಿಟ್ಟು ಅಂಥದ್ದೇ ಹಳೇ ಮಷಿನ್ ಅದೇ 12 ಲಕ್ಷಕ್ಕೆ ನಿಮಗೆ ಯಾರು ಕೊಡ್ತಾರ್ರಿ? ಅದು ಅಂಗಡಿ ಸಾಮಾನಲ್ಲ. ಯಾವನೋ ಮಿಲ್ ಮುಚ್ಚಿದ್ರೆ ಸಿಗತ್ತೆ, ಇಲ್ಲಾಂದ್ರೆ ಇಲ್ಲ.

ಕಾಸ್ಟ್ ಅಕೌಂಟೆಂಟ್:
ಬಹಳ ಸರಿಯಾದ ಮಾತು. ನಾನು ಮಾಡಿದ ಲೆಕ್ಕ ನಿಂತಿರುವುದೇ ಆ ಊಹೆಯ ಮೇಲೆ. ಎಷ್ಟು ಸೂಕ್ಷ್ಮ ನೋಡಿ: ಎರಡನೇ ಸಲದ ಬೆಲೆ ಸುಮಾರು 12.5 ಲಕ್ಷ ದಾಟಿದರೆ ಹೊಸದು ಗೆಲ್ಲುತ್ತದೆ. ಅಂದರೆ ಮೂರು ವರ್ಷದಲ್ಲಿ ಬೆಲೆ ಬರೀ 4% ಏರಿದರೆ ಸಾಕು. ಬೇಳೆಯಿಂದ ಬರುವ ದುಡ್ಡೂ ಜೊತೆಗೇ ಏರಬಹುದು ಅನ್ನಬಹುದು. ಹಾಗಂದರೆ ಎರಡೂ ಮಷಿನ್‌ಗಳ ಲೆಕ್ಕದಲ್ಲೂ ಏರಿಸಬೇಕು, ಒಂದಕ್ಕೆ ಮಾತ್ರ ಅಲ್ಲ.

ಇನ್ನೊಂದು ಪಕ್ಕದ ಮಾತೂ ಇದೆ. ಮಳೆ ಕೈಕೊಟ್ಟು ತೊಗರಿ ಕಡಿಮೆ ಬಂದ ವರ್ಷ 7 ಲಕ್ಷ ಬರುವುದಿಲ್ಲ. ಹಳೇದನ್ನು ತಂದವರು ಮೂರು ವರ್ಷಕ್ಕೆ ನಿಂತು ಯೋಚಿಸಬಹುದು. 25 ಲಕ್ಷ ಹಾಕಿದವರಿಗೆ ಆ ಸೌಕರ್ಯ ಇಲ್ಲ. ಅದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂದು ನಾನು ಅಂಕಿ ಕೊಡಲಾರೆ. ನನ್ನ ಮಟ್ಟಿಗೆ ಅದು ಸೊನ್ನೆಯಂತೂ ಅಲ್ಲ.

ಪ್ರಶ್ನೆ ಕೇಳಿದವರು:
ಮೇಡಂ, ಆ 12% ಬಗ್ಗೆ ಒಂದು ಮಾತು. ಬ್ಯಾಂಕಿನವರು 10%ಗೆ ಸಾಲ ಕೊಡ್ತೇವೆ ಅಂತಿದ್ದಾರೆ. ಉಳಿದದ್ದು ನನ್ನ ದುಡ್ಡು. ಅದನ್ನು ಸೀಜನ್‌ನಲ್ಲಿ ತೊಗರಿ ಕೊಂಡಿಡೋಕೆ ಹಾಕಿದ್ರೆ ಜಾಸ್ತಿನೇ ಸಿಗತ್ತೆ. ಹಾಗಾಗಿ ಮಧ್ಯದ 12 ಹಿಡಿದೆ.

ಕಾಸ್ಟ್ ಅಕೌಂಟೆಂಟ್:
ಅಲ್ಲೇ ನಿಮ್ಮ ಪ್ರಶ್ನೆಯ ಕೀಲಿ ಇದೆ. ಎರಡರ ನಡುವಿನ ವ್ಯತ್ಯಾಸವನ್ನೇ ಒಂದು ಹೂಡಿಕೆ ಎಂದು ನೋಡಿ. ಹೊಸದಕ್ಕೆ ಇವತ್ತು 13 ಲಕ್ಷ ಜಾಸ್ತಿ ಕೊಡುತ್ತೀರಿ. ಬದಲಿಗೆ ವರ್ಷಕ್ಕೆ 1 ಲಕ್ಷದಂತೆ ಆರು ವರ್ಷ ಹೆಚ್ಚು ಬರುತ್ತದೆ, ಮೂರನೇ ವರ್ಷ 12 ಲಕ್ಷದ ಖರ್ಚು ತಪ್ಪುತ್ತದೆ. ಈ ಹೂಡಿಕೆಯ ಐಆರ್‌ಆರ್ ಸುಮಾರು 11%. ಐಆರ್‌ಆರ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು.

ದುಡ್ಡಿನ ಖರ್ಚು 11ಕ್ಕಿಂತ ಕಡಿಮೆ ಆದರೆ ಹೊಸದು, ಜಾಸ್ತಿ ಆದರೆ ಹಳೇದು. 9% ಹಿಡಿದರೆ ವರ್ಷಕ್ಕೆ ಹೊಸದು 1.43 ಲಕ್ಷ, ಹಳೇದು 1.26 ಲಕ್ಷ. ಆದರೆ ಬ್ಯಾಂಕಿನ 10% ಅನ್ನೇ ಹಿಡಿಯಬೇಡಿ, ಅದು ಸಾಲದ ಭಾಗಕ್ಕೆ ಮಾತ್ರ. ಸಾಲ ಎಷ್ಟು, ಸ್ವಂತದ್ದು ಎಷ್ಟು, ಆ ತೂಕಕ್ಕೆ ತಕ್ಕಂತೆ ಸರಾಸರಿ ತೆಗೆಯಿರಿ. ಮಧ್ಯದ ಅಂಕಿ ಸುಮ್ನೆ ಹಿಡಿಯುವುದು ಬೇಡ, ಇಲ್ಲಿ ಒಂದು ಪರ್ಸೆಂಟ್ ತೀರ್ಮಾನವನ್ನೇ ತಿರುಗಿಸುತ್ತದೆ.

ಯಾದಗಿರಿಯವರು:
ಹಾಗಾದ್ರೆ ನನ್ನ ಉತ್ತರ ಸರಿ ಇತ್ತು ಅಲ್ವಾ ಮೇಡಂ?

ಕಾಸ್ಟ್ ಅಕೌಂಟೆಂಟ್:
12%ಗೆ ಸರಿ. 10%ಗೆ ಮಾಡಿ ನೋಡಿ, ನಿಮ್ಮ 23 ಮತ್ತು 17 ಹಾಗೇ ಇರುತ್ತವೆ, ಉತ್ತರ ಮಾತ್ರ ತಿರುಗುತ್ತದೆ.

ಪ್ರಶ್ನೆ ಕೇಳಿದವರು:
ಸಾಲ ಎಷ್ಟು ಮಂಜೂರು ಆಗತ್ತೆ ಅಂತ ಬ್ಯಾಂಕಿನವರು ಇನ್ನೂ ಹೇಳಿಲ್ಲ. 15 ಲಕ್ಷ ಸಿಕ್ಕಿದ್ರೆ ಒಂದು, 8 ಸಿಕ್ಕಿದ್ರೆ ಇನ್ನೊಂದು ಅನ್ನಿಸ್ತಿದೆ. ಹಳೇ ಮಷಿನ್ನಿನವರು ಭಾನುವಾರದೊಳಗೆ ಅಡ್ವಾನ್ಸ್ ಕೇಳ್ತಿದ್ದಾರೆ.