ಡೆಮೋ ತೋರ್ಸೋಕೆ ಮುಂಚೆ ಕಸ್ಟಮರ್ ಹತ್ರ ಏನು ಕೇಳ್ಬೇಕು?

ಪ್ರಶ್ನೆ:
ಗೋಡೌನ್ ಸ್ಟಾಕ್ ನೋಡ್ಕೊಳ್ಳೋ ಸಾಫ್ಟ್‌ವೇರ್, ಬಾರ್‌ಕೋಡ್ ಸ್ಕ್ಯಾನರ್ ಮಾರೋ ಕೆಲ್ಸ ನಂದು, ಸೇಲ್ಸ್‌ಗೆ ಹೊಸಬ. "ನಿಮ್ಮ ಪ್ರಾಬ್ಲಂ ಏನು ಸರ್" ಅಂದ್ರೆ "ಸ್ಟಾಕ್ ತಾಳೆ ಆಗ್ತಿಲ್ಲ, ಸ್ಕ್ಯಾನರ್ ಬೇಕು, ಡೆಮೋ ತೋರ್ಸಿ" ಅಂತಾರೆ. ತೋರಿಸ್ತೀನಿ, ಚೆನ್ನಾಗಿದೆ ಕೊಟೇಶನ್ ಕಳ್ಸಿ ಅಂತಾರೆ, ಆಮೇಲೆ ಫೋನೇ ಎತ್ತಲ್ಲ. ಓಪನ್ ಎಂಡೆಡ್ ಪ್ರಶ್ನೆ ಕೇಳು ಅಂತಾರೆ ಮ್ಯಾನೇಜರ್, ಕೇಳಿದ್ರೂ ಒಂದೇ ಸಾಲಿನ ಉತ್ತರ ಬರುತ್ತೆ. ಕರೆಕ್ಟಾಗಿ ಏನು ಕೇಳ್ಬೇಕು?

ಇನ್ಶೂರೆನ್ಸ್ ಸೇಲ್ಸ್‌ನವರು:
ಹೌದು, ಇಲ್ಲ ಅಂತ ಮುಗಿಯೋ ಪ್ರಶ್ನೆ ಕೇಳ್ಲೇಬೇಡಿ ಅಷ್ಟೇ. ಏನು, ಹೇಗೆ, ಯಾಕೆ ಇರೋ ಪ್ರಶ್ನೆಗಳನ್ನ ಮೊದ್ಲೇ ಬರ್ಕೊಂಡು ಹೋಗಿ, ಒಂದೊಂದಾಗಿ ಕೇಳ್ತಾ ಹೋಗಿ. ಕಸ್ಟಮರ್ ಜಾಸ್ತಿ ಮಾತಾಡ್ಬೇಕು, ನಾವು ಕಮ್ಮಿ.

ಮೆಷಿನ್ ಸರ್ವಿಸ್ ಕಡೆಯವರು:
ಫೋನ್ ಎತ್ತದೇ ಇರೋ ಕಸ್ಟಮರ್‌ಗೆ ಬೆಳಿಗ್ಗೆ ಆಫೀಸ್ ಓಪನ್ ಆದ ತಕ್ಷಣ ಮಾಡಿ, ನನ್ ಪೇಮೆಂಟ್ ಬಾಕಿ ಎಲ್ಲಾ ಹಂಗೇ ವಸೂಲಾಗಿದ್ದು.

ಬಿಸಿನೆಸ್ ಸಾಫ್ಟ್‌ವೇರ್ ಮಾರಾಟದಲ್ಲಿ ತಲೆ ಹಣ್ಣಾದವರು:
ಫೋನ್ ಟೈಮಿಂಗ್ ಬಿಡಿ, ಅದು ಇಲ್ಲಿಯ ಸಮಸ್ಯೆ ಅಲ್ಲ. ಇನ್ಶೂರೆನ್ಸ್‌ನವರು ಹೇಳಿದ್ದು ಅರ್ಧ ಸರಿ, ಕಸ್ಟಮರ್ ಮಾತಾಡ್ಬೇಕು ಅನ್ನೋದು ನಿಜ. ಆದ್ರೆ ಪಟ್ಟಿ ಹಿಡ್ಕೊಂಡು ಒಂದೊಂದಾಗಿ ಕೇಳಿದ್ರೆ ವಿಚಾರಣೆಗೆ ಕೂರ್ಸಿದ ಹಂಗಾಗುತ್ತೆ, ಮೂರನೇ ಪ್ರಶ್ನೆಗೇ ಗಡಿಯಾರ ನೋಡ್ತಾರೆ. "ಯಾಕೆ" ಅಂತೂ ಹುಷಾರಾಗಿ ಬಳ್ಸಿ, "ಎಂಟ್ರಿ ಯಾಕೆ ಲೇಟಾಗುತ್ತೆ" ಅಂದ ತಕ್ಷಣ ಅವ್ರ ಕಿವಿಗೆ ಅದು ತಪ್ಪು ಎತ್ತಿ ತೋರ್ಸಿದ ಹಂಗೆ ಕೇಳ್ಸುತ್ತೆ, ಸಮರ್ಥನೆಗೆ ಇಳೀತಾರೆ. "ಮಾಲು ಬಂದ್ಮೇಲೆ ಎಂಟ್ರಿ ಆಗೋವರ್ಗೂ ಏನೇನು ನಡೆಯುತ್ತೆ" ಅಂತ ಕೇಳಿ, ಅದೇ ವಿಷ್ಯ ಹೊರಗೆ ಬರುತ್ತೆ, ಯಾರಿಗೂ ನೋಯಲ್ಲ.

ನಿಮಗೆ ಒಂದೇ ಸಾಲು ಬರ್ತಿರೋದು ಯಾಕಂದ್ರೆ "ಪ್ರಾಬ್ಲಂ ಏನು" ಅನ್ನೋದಕ್ಕೆ ಅವ್ರ ಹತ್ರ ಉತ್ತರ ಮೊದ್ಲೇ ರೆಡಿ ಇರುತ್ತೆ, ನಾಲ್ಕು ವೆಂಡರ್‌ಗಳಿಗೆ ಹೇಳಿ ಹೇಳಿ ಸವೆದಿರುತ್ತೆ. ಅದರಲ್ಲೂ ಅವ್ರು ಹೇಳ್ತಿರೋದು ಪ್ರಾಬ್ಲಂ ಅಲ್ಲ, ಅವ್ರೇ ಅಂದ್ಕೊಂಡಿರೋ ಪರಿಹಾರ. ಸ್ಕ್ಯಾನರ್ ಬೇಕು ಅಂತಾರೆ, ಅದರಿಂದ ಯಾವುದು ನಿಲ್ಬೇಕು ಅಂತ ಹೇಳಲ್ಲ. ಅದಕ್ಕೇ ನಾನು ಒಂದು ಘಟನೆ ಕೇಳ್ತೀನಿ: "ಕೊನೇ ಸಲ ಸ್ಟಾಕ್ ತಾಳೆ ಆಗದೆ ತೊಂದ್ರೆ ಆಗಿದ್ದು ಯಾವಾಗ ಸರ್? ಅವತ್ತು ಆರ್ಡರ್ ಬಂದಾಗಿಂದ ಏನೇನಾಯ್ತು ಸ್ವಲ್ಪ ಹೇಳಿ."

ನಿಮ್ಮ ಲೈನಿನದ್ದೇ ಒಂದು ಕೇಸ್ ಹೇಳ್ತೀನಿ. ಬಿಡಿಭಾಗ ಸಗಟಿಗೆ ಮಾರೋ ಕಂಪನಿ, ಅವ್ರೂ ಸ್ಕ್ಯಾನರ್ ಬೇಕು ಅಂತಾನೇ ಕರ್ದಿದ್ದು. ಈ ಪ್ರಶ್ನೆ ಕೇಳ್ದಾಗ ಹೋದ ವಾರದ ಒಂದು ಆರ್ಡರ್ ಕಥೆ ಬಂತು. ಬೇರಿಂಗ್ ಬೇಕು ಅಂತ ಪಾರ್ಟಿ ಫೋನ್ ಮಾಡಿದ್ರು, ಸೇಲ್ಸ್ ಹುಡುಗ ಸಿಸ್ಟಮ್ ನೋಡ್ದ, ಸ್ಟಾಕ್ ಸೊನ್ನೆ, ಇಲ್ಲ ಅಂದ, ಆರ್ಡರ್ ಬೇರೆ ಕಡೆ ಹೋಯ್ತು. ಆದ್ರೆ ಮಾಲು ಹಿಂದಿನ ದಿನ ಸಂಜೆನೇ ಬಂದು ಗೋಡೌನ್‌ನಲ್ಲೇ ಬಿದ್ದಿತ್ತು. ಅಲ್ಲಿಗೇ ನಾನು ಸ್ಕ್ಯಾನರ್ ತೆಗ್ದು ತೋರ್ಸಿದ್ರೆ ಕಥೆ ಮುಗೀತು. "ಲಾರಿ ಬಂದ್ಮೇಲೆ ಆ ಮಾಲು ಸಿಸ್ಟಮ್‌ನಲ್ಲಿ ಕಾಣೋವರ್ಗೂ ಯಾರ್ಯಾರ ಕೈ ದಾಟುತ್ತೆ?" ಅಂದೆ. ಗೋಡೌನ್‌ನವರು ಎಣಿಸಿ ಚಲನ್ ಮೇಲೆ ಸಹಿ ಹಾಕ್ತಾರೆ, ಚಲನ್ ಅಕೌಂಟ್ಸ್‌ಗೆ ಹೋಗುತ್ತೆ, ಅವ್ರು ಬಿಲ್ಲು ಬರೋವರ್ಗೂ ಕಾದು ಎರಡನ್ನೂ ತಾಳೆ ನೋಡಿ ಆಮೇಲೆ ಎಂಟ್ರಿ ಮಾಡ್ತಾರೆ, ಒಂದೊಂದ್ಸಲ ಎರಡು ದಿನ ಹಿಡಿಯುತ್ತೆ. ಸ್ಟಾಕ್ ಲೆಕ್ಕ ಕೆಡ್ತಿದ್ದುದು ಅಲ್ಲಿ. ಅವ್ರು ಕೇಳ್ತಿದ್ದಿದ್ದು ಡಿಸ್ಪ್ಯಾಚ್ ಕಡೆಗೆ ಸ್ಕ್ಯಾನರ್, ಅದು ಕೊಟ್ಟಿದ್ರೆ ಹೊರಗೆ ಹೋಗೋ ಮಾಲು ಕರೆಕ್ಟಾಗಿ ಎಣಿಸ್ತಿತ್ತು, ಸೊನ್ನೆ ಸೊನ್ನೆಯಾಗೇ ಇರ್ತಿತ್ತು.

ಆಮೇಲೆ ಎರಡೇ ಪ್ರಶ್ನೆ. "ಇದನ್ನ ಸರಿ ಮಾಡೋಕೆ ಇಲ್ಲೀವರ್ಗೂ ಏನೇನು ಮಾಡಿ ನೋಡಿದ್ರಿ?" ಸೇಲ್ಸ್‌ನವರು ಗೋಡೌನ್‌ಗೆ ಫೋನ್ ಮಾಡಿ ಕೇಳ್ಕೊಳ್ಳಲಿ ಅಂತ ಮಾಡಿದ್ರಂತೆ, ಗೋಡೌನ್‌ನವ್ರಿಗೆ ದಿನವಿಡೀ ಫೋನೇ ಆಯ್ತು, ಬಿಟ್ರು. ಇನ್ನೊಂದು, "ಸಿಸ್ಟಮ್‌ನಲ್ಲಿ ಸೊನ್ನೆ ಕಂಡಾಗ ಬೇರೆ ಯಾರಿಗೆಲ್ಲ ತೊಂದ್ರೆ ಆಗುತ್ತೆ?" ಅಲ್ಲಿ ಪರ್ಚೇಸ್‌ನವರು ಬಾಯಿಬಿಟ್ರು, ಸೊನ್ನೆ ನೋಡಿ ಅದೇ ಮಾಲು ಮತ್ತೆ ತರಿಸ್ತಿದ್ರಂತೆ. ಓನರ್ ಅಲ್ಲಿವರ್ಗೂ ಮೊಬೈಲ್ ನೋಡ್ತಿದ್ದವ್ರು ತಲೆ ಎತ್ತಿದ್ರು, ಯಾಕಂದ್ರೆ ದುಡ್ಡು ಗೋಡೌನ್‌ನಲ್ಲಿ ಕೂತಿರೋದು ಅವ್ರಿಗೆ ಗೊತ್ತಿತ್ತು, ಕಾರಣ ಗೊತ್ತಿರ್ಲಿಲ್ಲ. ನಾವು ಕೊಟ್ಟಿದ್ದು ಲಾರಿ ಇಳಿಸೋ ಜಾಗದಲ್ಲೇ ಎಂಟ್ರಿ ಆಗೋ ವ್ಯವಸ್ಥೆ, ಬಿಲ್ಲಿನ ತಾಳೆ ಆಮೇಲೆ. ಸ್ಕ್ಯಾನರ್ ಅವ್ರು ಕೇಳಿದ್ದಕ್ಕಿಂತ ಕಮ್ಮಿನೇ ಬೇಕಾಯ್ತು.

ಹೌದು-ಇಲ್ಲ ಪ್ರಶ್ನೆಗೂ ಜಾಗ ಇದೆ. ಕಥೆ ಪೂರ್ತಿ ಬಂದ್ಮೇಲೆ ನೀವು ಅರ್ಥ ಮಾಡ್ಕೊಂಡಿದ್ದನ್ನ ಅವ್ರ ಮಾತಲ್ಲೇ ವಾಪಸ್ ಹೇಳಿ "ಹಿಂಗೇ ಅಲ್ವಾ?" ಅಂತ ಕೇಳಿ. ಬರೀ "ಹ್ಞೂಂ ಹ್ಞೂಂ" ಅಂದ್ರೆ ನೀವಿನ್ನೂ ಮೇಲ್ಮೇಲೇ ಇದ್ದೀರಿ, "ಅಲ್ಲ ಅಲ್ಲ, ಎರಡು ದಿನ ಆಗೋದು ಹೊರ ಊರಿಂದ ಬರೋ ಮಾಲಿಗೆ ಮಾತ್ರ" ಅಂತ ತಿದ್ದಿದ್ರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಆದ್ರೆ ಕೂತ ತಕ್ಷಣ "ಮೊದ್ಲು ಡೆಮೋ ತೋರ್ಸಿ" ಅಂತಾರಲ್ಲ, ಅವಾಗ?

ತಲೆ ಹಣ್ಣಾದವರು:
ತೋರ್ಸಲ್ಲ ಅನ್ಬೇಡಿ. "ಖಂಡಿತ ಸರ್, ಇದ್ರಲ್ಲಿ ತುಂಬಾ ಇದೆ, ನಿಮಗೆ ಬೇಡದ್ದೆಲ್ಲ ತೋರ್ಸಿ ಟೈಮ್ ತಗೊಳ್ಳೋದು ಬೇಡ, ಹತ್ತು ನಿಮಿಷ ನಿಮ್ಮ ಕೆಲ್ಸ ಹೆಂಗೆ ನಡೆಯುತ್ತೆ ಅಂತ ಕೇಳ್ಲಾ?" ಅನ್ನಿ. ಸುಮಾರು ಜನ ಒಪ್ತಾರೆ. ಆಮೇಲೆ ಪ್ರಶ್ನೆ ಕೇಳಿ ಬಾಯಿ ಮುಚ್ಕೊಂಡಿರಿ. ಅವ್ರು ಎರಡು ಕ್ಷಣ ಸುಮ್ನಿದ್ರೆ ನಾವೇ ತಡೀಲಾರದೆ "ಅಂದ್ರೆ ಎಂಟ್ರಿ ಲೇಟಾಗುತ್ತಾ?" ಅಂತ ಉತ್ತರನೂ ಸೇರ್ಸಿ ಕೇಳ್ಬಿಡ್ತೀವಿ, ಅವ್ರು "ಹ್ಞೂಂ" ಅಂದು ಮುಗಿಸ್ತಾರೆ.

ಒಂದು ಫ್ಯಾಕ್ಟರಿಯ ಪರ್ಚೇಸ್‌ನವರು:
ಟೇಬಲ್‌ನ ಈ ಕಡೆ ಕೂರೋಳು ನಾನು, ಒಂದ್ಮಾತು. "ನಿಮ್ಮ ಕಂಪನಿ ಏನು ಮಾಡುತ್ತೆ" ಅಂತ ಕೇಳೋರು ದಯವಿಟ್ಟು ಬರ್ಬೇಡಿ, ಅದು ವೆಬ್‌ಸೈಟ್‌ನಲ್ಲಿದೆ. "ನಿಮ್ಮ ನಿದ್ದೆ ಕೆಡಿಸೋ ವಿಷ್ಯ ಏನು ಮೇಡಂ" ಅನ್ನೋರ ಕಾಟ ಬೇರೆ! ಇನ್ನೊಂದೇನಂದ್ರೆ ಸ್ಪೆಸಿಫಿಕೇಶನ್ ಎಲ್ಲಾ ಫೈನಲ್ ಆಗಿ ಮೂರು ಕೊಟೇಶನ್ ಕೇಳಿರೋ ಹಂತದಲ್ಲಿ ನನ್ನ ಹತ್ರ ಈ ಕಥೆಗಳಿಗೆ ಟೈಮೂ ಇಲ್ಲ, ಬದಲಾಯ್ಸೋ ಅಧಿಕಾರವೂ ಇಲ್ಲ. ಅಷ್ಟ್ರಲ್ಲಿ ಬಂದ್ರೆ ರೇಟ್ ಕೊಡಿ, ಇಲ್ಲಾಂದ್ರೆ ಸಾಮಾನು ಬಳ್ಸೋ ಡಿಪಾರ್ಟ್‌ಮೆಂಟ್‌ನವ್ರ ಹತ್ರ ಮುಂಚೇನೇ ಹೋಗಿ.

ತಲೆ ಹಣ್ಣಾದವರು:
ಮೇಡಂ ಹೇಳಿದ್ದು ಸರಿ, ಆ ಹಂತದಲ್ಲಿ ನಾನೂ "ಇದನ್ನ ಬರೆದವ್ರ ಜೊತೆ ಒಂದ್ಸಲ ಮಾತಾಡ್ಬಹುದಾ" ಅಂತ ಕೇಳಿ ನೋಡ್ತೀನಿ, ಇಲ್ಲ ಅಂದ್ರೆ ಕೊಟೇಶನ್ ಹಾಕೋದಾ ಬೇಡ್ವಾ ಅಂತ ಯೋಚ್ನೆ ಮಾಡ್ತೀನಿ.

ಇನ್ಶೂರೆನ್ಸ್ ಸೇಲ್ಸ್‌ನವರು:
ಪಟ್ಟಿ ಇಲ್ದೆ ಹೋದ್ರೆ ಹೊಸಬ್ರು ಮುಖ್ಯವಾದ್ದೇ ಮರೀತಾರೆ, ಬಜೆಟ್ ಎಷ್ಟು, ಯಾರು ಸೈನ್ ಮಾಡ್ತಾರೆ ಅನ್ನೋದೆಲ್ಲ ಕೇಳ್ಲೇಬೇಕಲ್ಲ. ನಾನಂತೂ ಪಟ್ಟಿ ಬಿಡಲ್ಲ.

ತಲೆ ಹಣ್ಣಾದವರು:
ಇಟ್ಕೊಳ್ಳಿ, ಬ್ಯಾಗ್‌ನಲ್ಲಿರ್ಲಿ, ಹೊರಡೋ ಮುಂಚೆ ಬಿಟ್ಟಿದ್ದು ಏನಾದ್ರೂ ಇದ್ಯಾ ಅಂತ ನೋಡ್ಕೊಳ್ಳೋಕೆ.

ಪ್ರಶ್ನೆ ಕೇಳಿದವರು:
ಇನ್ನೊಂದು ಡೌಟು. ಓನರ್ ಎದುರಿಗಿದ್ರೆ ಗೋಡೌನ್‌ನವ್ರು ಬಾಯೇ ಬಿಡಲ್ಲ, ಎಲ್ಲದಕ್ಕೂ ಓನರೇ ಉತ್ತರ ಹೇಳ್ತಾರೆ, ಅದೂ ತಪ್ಪುತಪ್ಪಾಗಿ.

ಪರ್ಚೇಸ್‌ನವರು:
ಗೋಡೌನ್ ತೋರ್ಸಿ ಅಂತ ಕೇಳಿ. ನಡ್ಕೊಂಡು ಹೋಗ್ವಾಗ ಎಲ್ಲಾ ಹೇಳ್ತಾರೆ.

ತಲೆ ಹಣ್ಣಾದವರು:
ಅದೊಂದು ದಾರಿ, ಆದ್ರೆ ಓನರೂ ಜೊತೇಲೇ ಬಂದ್ರೆ ಕಷ್ಟ. ನನಗೂ ಒಂದೊಂದು ಕಡೆ ಸಿಕ್ಕಿದೆ, ಒಂದೊಂದು ಕಡೆ ಇಲ್ಲ. ಬೇರೆಯವ್ರು ಹೇಗೆ ಮಾಡ್ತೀರಾ ಹೇಳಿ.