ಪದಚರ್ಚೆ: ಗೊಂಬೆ ‘ಪ್ರದರ್ಶಿಸುವುದೋ’, ‘ಕೂರಿಸುವುದೋ’?

ಪ್ರಶ್ನೆ: ಸರಸ್ವತಿಪುರಂ, ಮೈಸೂರು

2025ರ ನವರಾತ್ರಿಗೆ ನಮ್ಮ ಬೀದಿಯವರನ್ನು ಕರೆಯಲು ಒಂದು ಸಣ್ಣ ಚೀಟಿ ಬರೆದಿದ್ದೇವೆ. ಓದಿದರೆ ನಗರಪಾಲಿಕೆಯ ಪ್ರಕಟಣೆಯ ಹಾಗೆ ಕೇಳಿಸುತ್ತಿದೆ, ಆದರೆ ಯಾವ ಪದ ಹಾಗೆ ಮಾಡುತ್ತಿದೆ ಎಂದು ಹಿಡಿಯಲಾಗುತ್ತಿಲ್ಲ.

“ದಸರಾ ಪ್ರಯುಕ್ತ ನಮ್ಮ ಮನೆಯಲ್ಲಿ ಬೊಂಬೆಗಳನ್ನು ಪ್ರದರ್ಶಿಸಲಾಗುತ್ತಿದೆ. 22-9-2025ರಿಂದ ಒಂಬತ್ತು ದಿನಗಳ ಕಾಲ ಸಂಜೆ 6ರಿಂದ 8.30ರವರೆಗೆ ನೆರೆಹೊರೆಯ ಮುತ್ತೈದೆಯರು ಅರಿಶಿನ ಕುಂಕುಮಕ್ಕೂ ಮಕ್ಕಳು ಬಾಗಿನಕ್ಕೂ ಆಗಮಿಸಬೇಕಾಗಿ ವಿನಂತಿ.”

‘ಬೊಂಬೆ’ ಸರಿಯೇ, ‘ಗೊಂಬೆ’ ಸರಿಯೇ ಎಂಬುದೂ ಮನೆಯಲ್ಲಿ ತೀರ್ಮಾನವಾಗಿಲ್ಲ.

ಮಂಡ್ಯದಿಂದ

ನನಗೆ ಕಂಡ ತಪ್ಪು ‘ಬಾಗಿನ’. ಬಾಗಿನ ಅಂದರೆ ಗೌರಿ ಹಬ್ಬದ ಮೊರದ ಬಾಗಿನ. ಎರಡು ಮೊರದ ನಡುವೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ, ಬೇಳೆ, ಬೆಲ್ಲ ಇಟ್ಟು ಮುತ್ತೈದೆಗೆ ಕೊಡುವುದು. ಕನ್ನಂಬಾಡಿ ಕಟ್ಟೆ ತುಂಬಿದಾಗ ಕಾವೇರಿಗೆ ಅರ್ಪಿಸುವುದೂ ಅದೇ. ಮಕ್ಕಳಿಗೆ ಕೊಡುವುದಕ್ಕೆ ‘ಪ್ರಸಾದ’ ಅಂತ ಬರೆಯಿರಿ.

ಜಯಲಕ್ಷ್ಮಿಪುರಂ, ಮೈಸೂರು

ಮಂಡ್ಯದವರು ಮೊರದ ಬಾಗಿನದ ಬಗ್ಗೆ ಹೇಳಿದ್ದು ಸರಿ. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ‘ಗೊಂಬೆ ಬಾಗಿನ’ ಮೈಸೂರು ಸೀಮೆಯಲ್ಲಿ ಬೇರೆಯೇ ಪದ. ಆರತಿ ಆದಮೇಲೆ ಮಕ್ಕಳ ಕೈಗೆ ಹಾಕುವ ಎರಡು ಕೋಡುಬಳೆ, ಒಂದು ತುಂಡು ಕೊಬ್ಬರಿ ಮಿಠಾಯಿ ಅಥವಾ ಒಂದು ಹಿಡಿ ಕಡಲೆಕಾಳು ಉಸಲಿ, ಅಷ್ಟೇ. ಮೊರ ಇಲ್ಲ, ಬಳೆ ಇಲ್ಲ, ಪಡೆಯುವವರು ಮುತ್ತೈದೆ ಆಗಬೇಕಿಲ್ಲ. ಗಂಡುಹುಡುಗರೂ “ಗೊಂಬೆ ಕೂರ್ಸಿದ್ದೀರಾ?” ಎಂದು ಬಾಗಿಲಲ್ಲಿ ನಿಂತು ಕೇಳಿ ಪಡೆಯುತ್ತಿದ್ದುದು ಇದನ್ನೇ. ‘ಪ್ರಸಾದ’ ಅಂದರೆ ದೇವರಿಗೆ ನೈವೇದ್ಯ ಮಾಡಿದ್ದು. ಬಾಗಿನದ ತಿಂಡಿಯನ್ನೆಲ್ಲ ನೈವೇದ್ಯಕ್ಕೆ ಇಟ್ಟಿರುತ್ತಾರೆ ಎನ್ನಲಾಗದು, ಡಬ್ಬಿಯಿಂದ ನೇರವಾಗಿ ಕೊಡುವುದೂ ಉಂಟು. ಬರಿಯ ‘ಬಾಗಿನ’ ಎಂದು ಬರೆದದ್ದರಿಂದ ಗೊಂದಲವಾಗಿದೆ. ‘ಗೊಂಬೆ ಬಾಗಿನ’ ಎಂದರೆ ಸರಿಹೋಗುತ್ತದೆ.

ಚೀಟಿಯನ್ನು ಪ್ರಕಟಣೆ ಮಾಡಿರುವ ಪದ ‘ಪ್ರದರ್ಶಿಸಲಾಗುತ್ತಿದೆ’. ದಸರಾ ಹೊತ್ತಿನಲ್ಲಿ ಮೈಸೂರಿನವರ ಕಿವಿಗೆ ‘ಪ್ರದರ್ಶನ’ ಎಂದರೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ. ಅಲ್ಲಿ ಟಿಕೆಟ್ ಇರುತ್ತದೆ, ಮನೆಯಾಕೆ ಇರುವುದಿಲ್ಲ. ಅದರ ಮೇಲೆ ‘ಲಾಗುತ್ತಿದೆ’ ಸೇರಿದರೆ ಮಾಡುವವರು ಯಾರೆಂಬುದೇ ಮಾಯ. ಕರೆಯುವವರು ಕಾಣಿಸದ ಕರೆಯೋಲೆಯನ್ನು ನೋಡಿ ಯಾರು ಬರುತ್ತಾರೆ?

ಇಲ್ಲಿಯ ಮಾತು ‘ಕೂರಿಸು’. ಗಣಪತಿ ಕೂರಿಸುತ್ತೇವೆ, ಗೊಂಬೆ ಕೂರಿಸುತ್ತೇವೆ. ಪಾಡ್ಯದ ದಿನ ಪಟ್ಟದ ಗೊಂಬೆಗಳಿಗೆ, ಅಂದರೆ ಮರದ ರಾಜ ರಾಣಿಗೆ, ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕಳಶದ ಜೊತೆ ಇರಿಸಿದರೆ ಗೊಂಬೆ ಕೂತ ಹಾಗೆ. ಕೆಳಗಿನ ಮೆಟ್ಟಿಲಿನ ಶೆಟ್ಟಿ ದಂಪತಿ, ಅವರ ಅಂಗಡಿ, ಪಾರ್ಕು, ಮದುವೆ ಮನೆ ಇವುಗಳಿಗೆ ‘ಜೋಡಿಸು’ ಹೊಂದುತ್ತದೆ. “ಗೊಂಬೆ ಜೋಡಿಸಿ ಆಯ್ತಾ?” ಎಂದರೆ ಕೆಲಸ ಮುಗಿಯಿತೇ ಎಂದು. “ಗೊಂಬೆ ಕೂರಿಸಿದ್ದೀರಾ?” ಎಂದರೆ ನಿಮ್ಮ ಮನೆಯಲ್ಲಿ ಹಬ್ಬದ ಆ ಆಚರಣೆ ಇದೆಯೇ ಎಂದು. ಕರೆಯೋಲೆಗೆ ಬೇಕಾದ್ದು ಎರಡನೆಯದು.

ಗೊಂಬೆಯೋ ಬೊಂಬೆಯೋ ಎಂಬುದಕ್ಕೆ ನನ್ನ ಹತ್ತಿರ ತೀರ್ಪಿಲ್ಲ. ಅರಮನೆಯಲ್ಲಿ ‘ಗೊಂಬೆ ತೊಟ್ಟಿ’ ಎಂದೇ ಹೆಸರು. ಬಾಯಿಮಾತಿನಲ್ಲಿ ಎರಡೂ ಓಡಾಡುತ್ತವೆ. ಒಂದೇ ಚೀಟಿಯಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಮೇಲುಕೋಟೆಯಿಂದ

ತಮಿಳಿನಲ್ಲಿ ಬೊಮ್ಮೈ, ತೆಲುಗಿನಲ್ಲಿ ಬೊಮ್ಮ. ಹಾಗಾಗಿ ಬೊಂಬೆಯೇ ಹಳೆಯ ರೂಪ ಎಂದು ನನ್ನ ಊಹೆ. ನಮ್ಮಲ್ಲಿ ‘ಕೊಲು ಇಟ್ಟಿದ್ದೇವೆ’ ಎನ್ನುತ್ತಾರೆ. ಕೊಲು ಎಂದರೆ ರಾಜ ಓಲಗದಲ್ಲಿ ಕೂತಿರುವುದು. ಆದ್ದರಿಂದ ಮೇಲೆ ಹೇಳಿದ ‘ಕೂರಿಸು’ವಿನ ಹಿಂದಿರುವ ಚಿತ್ರವೂ ಅದೇ ಇರಬಹುದು.

ಜಯಲಕ್ಷ್ಮಿಪುರಂ

ಅರ್ಥ ಹತ್ತಿರ ಬರುತ್ತದೆ, ಒಪ್ಪಿದೆ. ಆದರೆ ಪಕ್ಕದ ಭಾಷೆಗಳಲ್ಲಿ ಬಕಾರ ಇದೆ ಎಂಬುದಷ್ಟರಿಂದ ಕನ್ನಡದಲ್ಲಿ ಗಕಾರ ಆಮೇಲೆ ಬಂದಿತು ಎನ್ನಲಾಗದು. ಹಳೆಯ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಯಾರಾದರೂ ಕೊಟ್ಟರೆ ಮುಂದೆ ಮಾತಾಡೋಣ.

ನಂಜನಗೂಡು ರಸ್ತೆಯ ಕಡೆಯಿಂದ

ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು. ಮೂರು, ಐದು, ಏಳು ಅಥವಾ ಒಂಬತ್ತು. ನಮ್ಮಲ್ಲಿ ಐದು. ಕಬ್ಬಿಣದ ಸ್ಟ್ಯಾಂಡು ಬಾಡಿಗೆಗೂ ಸಿಗುತ್ತದೆ.

ಸರಸ್ವತಿಪುರಂ

ಮೆಟ್ಟಿಲು ಏಳು ಇದೆ ಸ್ವಾಮಿ, ಕಷ್ಟ ಚೀಟಿಯದು. ‘ಅರಿಶಿನ ಕುಂಕುಮಕ್ಕೆ’ ಎಂಬುದರ ಬಗ್ಗೆ ಯಾರೂ ಹೇಳಲಿಲ್ಲ. ಎದುರು ಮನೆಯಲ್ಲಿ ಗಂಡ ತೀರಿಹೋದ ಹಿರಿಯರೊಬ್ಬರಿದ್ದಾರೆ. ಅವರೂ ಬರಬೇಕು ಎಂಬುದು ನಮ್ಮ ಆಸೆ.

ಜಯಲಕ್ಷ್ಮಿಪುರಂ

ಹಾಗಿದ್ದರೆ ಆ ಪದ ಚೀಟಿಯಲ್ಲಿ ಬೇಡ. ‘ಅರಿಶಿನ ಕುಂಕುಮಕ್ಕೆ ಬನ್ನಿ’ ಎಂದರೆ ಕೇಳುವವರು ತಾವೇ ಜರಡಿ ಹಿಡಿದುಕೊಳ್ಳುತ್ತಾರೆ. ಗಂಡಸರು ಹೆಂಡತಿಯನ್ನು ಕಳಿಸಿ ಮನೆಯಲ್ಲೇ ಉಳಿಯುತ್ತಾರೆ, ನಿಮ್ಮ ಎದುರು ಮನೆಯವರು ಬಾಗಿಲನ್ನೇ ದಾಟುವುದಿಲ್ಲ. ‘ಮುತ್ತೈದೆಯರು’ ಎಂಬುದು ಅದನ್ನು ಇನ್ನಷ್ಟು ಬಿಗಿಮಾಡುತ್ತದೆ. ‘ಗೊಂಬೆ ನೋಡಲು ಬನ್ನಿ’ ಎಂದರೆ ಎಲ್ಲರಿಗೂ ಸಲ್ಲುತ್ತದೆ. ಬಂದವರಿಗೆ ಕುಂಕುಮ, ತಾಂಬೂಲ ಕೊಡುವುದು ಮನೆಯೊಳಗಿನ ವಿಷಯ, ಬರೆದು ತಿಳಿಸಬೇಕಾಗಿಲ್ಲ.

ಹೊತ್ತಿನ ಸಾಲಿನಲ್ಲಿ ಎರಡು ತೊಡಕಿವೆ. ‘ಸಂಜೆ 8.30’ ಎಂದು ಯಾರೂ ಹೇಳುವುದಿಲ್ಲ, ಅದು ರಾತ್ರಿ. ‘ಸಂಜೆ 6ರಿಂದ ರಾತ್ರಿ 8.30ರವರೆಗೆ’ ಎಂದು ತಿದ್ದಿದರೂ ಎಂಟೂ ಇಪ್ಪತ್ತಕ್ಕೆ ಬಂದವರದು ತಪ್ಪಲ್ಲ, ನಿಮ್ಮ ಅಡುಗೆಮನೆಗೆ ಮಾತ್ರ ಕಷ್ಟ. ‘ವರೆಗೆ’ ಬಾಗಿಲು ತೆರೆದಿರುವ ಅವಧಿಯನ್ನು ಹೇಳುತ್ತದೆ. ‘8ರೊಳಗೆ ಬನ್ನಿ’ ಎಂದರೆ ಬರುವ ಹೊತ್ತನ್ನು ಹೇಳುತ್ತದೆ. ನಿಮಗೆ ಬೇಕಾದ್ದು ಇದು. ಮಕ್ಕಳಿಗೆ ದಸರಾ ರಜೆ, ಬೆಳಕಿದ್ದಾಗಲೇ ಬಂದು ನಿಲ್ಲುತ್ತಾರೆ. ಆಗ ಸೂರ್ಯ ಮುಳುಗುವುದು ಸುಮಾರು ಆರೂಕಾಲಿಗೆ, ಆರತಿ ಎತ್ತುವುದು ದೀಪ ಹಚ್ಚಿದ ಮೇಲೆ. 6.30 ಎಂದು ಬರೆದರೆ ಅವರು ಕಾಯಬೇಕಾಗುವುದಿಲ್ಲ.

‘ಒಂಬತ್ತು ದಿನ’ ಎಂಬುದು 2025ರಲ್ಲಿ ಪೂರ್ತಿ ತಪ್ಪು ಲೆಕ್ಕ. ಈ ಸಲ ಒಂದು ತಿಥಿ ಎರಡು ದಿನ ಬರುತ್ತದೆ. ಸೆಪ್ಟೆಂಬರ್ 22ರ ಸೋಮವಾರದಿಂದ ಒಂಬತ್ತು ಎಣಿಸಿದರೆ 30ಕ್ಕೆ, ದುರ್ಗಾಷ್ಟಮಿಗೆ ನಿಲ್ಲುತ್ತದೆ. ಆಯುಧಪೂಜೆ ಅಕ್ಟೋಬರ್ 1, ವಿಜಯದಶಮಿ 2. ನವರಾತ್ರಿ ಎಂಬ ಹೆಸರು ತಿಥಿಯ ಲೆಕ್ಕದ್ದು, ಕ್ಯಾಲೆಂಡರಿನದಲ್ಲ. ಮೊದಲ ಮತ್ತು ಕೊನೆಯ ತಾರೀಖನ್ನು ವಾರದ ಜೊತೆ ಬರೆಯಿರಿ. ವಿಜಯದಶಮಿ ಸಂಜೆ ಕರೆಯಬೇಡಿ. ಜಂಬೂಸವಾರಿ, ಬನ್ನಿಮಂಟಪದ ಪಂಜಿನ ಕವಾಯತು ಎಂದು ಅರ್ಧ ಬೀದಿ ಮನೆಯಲ್ಲಿರುವುದಿಲ್ಲ, ಆ ರಾತ್ರಿ ಪಟ್ಟದ ಗೊಂಬೆ ಮಲಗಿಸುವುದೂ ಇರುತ್ತದೆ.

ಮಂಡ್ಯದಿಂದ

ನಮ್ಮ ಚೀಟಿಯಲ್ಲಿ ‘ಮಕ್ಕಳನ್ನು ಕಳಿಸಿ’ ಅಂತ ಹಾಕಿದ್ದೆವು. ಕಳಿಸಿದರು, ದೊಡ್ಡವರು ಬರಲೇ ಇಲ್ಲ. ಕೆಳಗಿನ ಮೆಟ್ಟಿಲಿನ ಮಣ್ಣಿನ ಗೊಂಬೆ ಎರಡು ಒಡೆದವು. ‘ಮಕ್ಕಳನ್ನು ಕರೆದುಕೊಂಡು ಬನ್ನಿ’ ಅನ್ನುವುದು ಒಳ್ಳೆಯದು. ಬಾಗಿನದ ವಿಷಯ ಮನೆಯಲ್ಲಿ ಕೇಳಿದೆ, ಅಜ್ಜಿ ‘ಬೊಂಬೆ ಬಾಗಿನ’ ಅಂದರು. ಬಕಾರದಲ್ಲೇ ಅಂದರು, ಗಮನಿಸಿ.

ಸರಸ್ವತಿಪುರಂ

ತಿದ್ದಿದ್ದು ಇಲ್ಲಿದೆ.

“ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದೇವೆ. ಸೆಪ್ಟೆಂಬರ್ 22, ಸೋಮವಾರದಿಂದ ಅಕ್ಟೋಬರ್ 1, ಬುಧವಾರದವರೆಗೆ ಯಾವ ದಿನವಾದರೂ ಸಂಜೆ 6.30ರ ಮೇಲೆ, ರಾತ್ರಿ 8ರೊಳಗೆ, ಮನೆಯವರೆಲ್ಲ ಮಕ್ಕಳನ್ನು ಕರೆದುಕೊಂಡು ಗೊಂಬೆ ನೋಡಲು ಬನ್ನಿ. ಮಕ್ಕಳಿಗೆ ಗೊಂಬೆ ಬಾಗಿನ ಇದೆ.”

‘ವಿನಂತಿ’ ತೆಗೆದದ್ದಕ್ಕೆ ಅಪ್ಪನಿಗೆ ಸಮಾಧಾನವಿಲ್ಲ. ‘ಬನ್ನಿ’ ಒಂದೇ ಇದ್ದರೆ ಹಿರಿಯರಿಗೆ ಮರ್ಯಾದೆ ಸಾಲದು, ‘ದಯಮಾಡಿಸಬೇಕು’ ಇರಲಿ ಎನ್ನುತ್ತಾರೆ.

ಮೇಲುಕೋಟೆಯಿಂದ

ಚೀಟಿಯಲ್ಲಿ ‘ಬನ್ನಿ’ ಇರಲಿ. ಹಿರಿಯರ ಮನೆಗೆ ಚೀಟಿ ಕೊಡಲು ನಿಮ್ಮ ಅಪ್ಪನವರೇ ಹೋಗಿ ‘ದಯಮಾಡಿಸಬೇಕು’ ಎಂದು ಬಾಯಲ್ಲಿ ಹೇಳಲಿ.