ಅಪ್‌ಡೇಟ್: ಕಡಿಮೆ ಎಸ್‌ಜಿಪಿಎ ಬಗ್ಗೆ ಕೊನೆಗೆ ಬರೆದದ್ದು ಇಷ್ಟೇ

ಮೊದಲು ನಾನು ಕೇಳಿದ್ದು: "ಅಪ್ಪನ ಆಪರೇಷನ್ ಸಮಯದಲ್ಲಿ ನಾಲ್ಕನೇ ಸೆಮಿಸ್ಟರ್ ಎಸ್‌ಜಿಪಿಎ 5.6ಕ್ಕೆ ಇಳಿಯಿತು, ಎರಡು ಬ್ಯಾಕ್‌ಲಾಗ್. ಇಂಟರ್ನ್‌ಶಿಪ್ ಅರ್ಜಿಯಲ್ಲಿ ನೆಪ ಅನ್ನಿಸದಂತೆ ಹೇಗೆ ಹೇಳಲಿ?"

ಎಲ್ಲರಿಗೂ ಥ್ಯಾಂಕ್ಸ್. ರೆಸ್ಯೂಮೆಯಲ್ಲಿ ಒಟ್ಟು ಸಿಜಿಪಿಎ ಮಾತ್ರ ಹಾಕಿದೆ. ಕವರ್ ಲೆಟರ್‌ನಲ್ಲಿ ಪ್ರಾಜೆಕ್ಟ್ ವಿವರ ಮುಗಿದ ಮೇಲೆ ಹೀಗೆ ಬರೆದೆ:

"ನಾಲ್ಕನೇ ಸೆಮಿಸ್ಟರ್‌ನಲ್ಲಿ ತಂದೆಯವರ ಆರೈಕೆಯ ಹೊಣೆ ನನ್ನ ಮೇಲಿತ್ತು, ಅಂಕ ಇಳಿಯಿತು. ಎರಡೂ ಬ್ಯಾಕ್‌ಲಾಗ್ ಪಾಸಾಗಿವೆ. ನಂತರದ ಎಸ್‌ಜಿಪಿಎ 7.8, 8.1. ಈಗ ಅವರು ಆರಾಮಾಗಿದ್ದಾರೆ."

ಮೊದಲಿನ ಡ್ರಾಫ್ಟ್‌ನಲ್ಲಿದ್ದ "ದುರದೃಷ್ಟವಶಾತ್", "ಅಂಕವೇ ಎಲ್ಲ ಅಲ್ಲ" ಎರಡನ್ನೂ ತೆಗೆದೆ. ಓದಿದರೆ ಜಗಳಕ್ಕೆ ನಿಂತ ಹಾಗಿತ್ತು! ಅಪ್ಪ ಆರಾಮಾಗಿದ್ದಾರೆ ಅನ್ನೋ ಕೊನೆಯ ವಾಕ್ಯವೇ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ಇಂಟರ್‌ವ್ಯೂನಲ್ಲಿ ಕೇಳಿದ್ದು ಅದೊಂದೇ: "ಈಗ ಪೂರ್ತಿ ಸಮಯ ಕೊಡಬಹುದಾ?" ಹೌದು ಅಂದೆ, ಮಾತು ಪ್ರಾಜೆಕ್ಟ್ ಕಡೆ ಹೋಯಿತು.

ಆದರೆ ಬ್ಯಾಕ್‌ಲಾಗ್ ಇದ್ದವರನ್ನು ಫಾರ್ಮ್‌ನಲ್ಲೇ ಕೈಬಿಡುವ ಕಂಪನಿಗಳಿಗೆ ಈ ಸಾಲು ತಲುಪೋದೇ ಇಲ್ಲ. "ಈಗ ಬಾಕಿ ಇದೆಯಾ", "ಹಿಂದೆ ಇತ್ತಾ" ಬೇರೆ ಬೇರೆ ಪ್ರಶ್ನೆ, ನೋಡಿ ತುಂಬಿ.